ಮಾರ್ಗರೀಟಾ ಹದ ತಪ್ಪಿದಾಗ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

ಮಾರ್ಗರೀಟಾ ಅನ್ನುವ ಟೆಕೀಲಾ ಕಾಕ್‌ಟೇಲ್ ಸರಿಯಾಗಿಲ್ಲ ಅನ್ನೋದು ಒಂದೇ ಗುಟುಕಿಗೆ ಗೊತ್ತಾಗುತ್ತದೆ. ಏನು ಸರಿಯಾಗಿಲ್ಲ ಅನ್ನೋದು ಮಾತ್ರ ಅಷ್ಟು ಸುಲಭಕ್ಕೆ ತಿಳಿಯುವುದಿಲ್ಲ. ಯಾರನ್ನು ಕೇಳಿದರೂ "ಸ್ವಲ್ಪ ಹುಳಿ ಜಾಸ್ತಿ ಆಯ್ತು" ಅಂತಾರೆ. ಬೇರೆ ಬೇರೆ ಮೂರು ದೋಷಗಳಿಗೆ ಜನ ಇದೇ ಮಾತು ಹೇಳುತ್ತಾರೆ. ಒಮ್ಮೊಮ್ಮೆ ನಿಜವಾಗಿಯೂ ಹುಳಿಯೇ ಜಾಸ್ತಿ ಆಗಿರುತ್ತದೆ. ಒಮ್ಮೊಮ್ಮೆ ನಿಂಬೆಯ ಕಹಿ ಇಳಿದಿರುತ್ತದೆ. ಇನ್ನು ಕೆಲವು ಸಲ ನೀರು ಸಾಲದೆ ಟೆಕೀಲಾದ ಘಾಟು ಗಂಟಲಿಗೆ ಹೊಡೆಯುತ್ತಿರುತ್ತದೆ. ಮೂರಕ್ಕೂ ಸಕ್ಕರೆ ಪಾಕ ಸುರಿಯೋದೇ ಮದ್ದು ಅಂದುಕೊಂಡರೆ ಒಂದು ಸಲ ಗೆಲ್ಲುತ್ತೀರಿ, ಎರಡು ಸಲ ಅಂಟಂಟು ಶರಬತ್ತು ಕುಡಿಯುತ್ತೀರಿ.

ಇದರ ಮೇಲೆ ಗ್ಲಾಸಿನ ಅಂಚಿಗೆ ಉಪ್ಪು ಬೇರೆ. ಉಪ್ಪು ಕಹಿಯನ್ನು ಮುಚ್ಚುತ್ತದೆ, ಸಿಹಿಯನ್ನು ಮೇಲೆತ್ತುತ್ತದೆ. ಅಂಚಿನ ತುಂಬ ಉಪ್ಪಿರುವ ಗ್ಲಾಸಿನಿಂದ ರುಚಿ ನೋಡಿ ಹದ ಸರಿಮಾಡಲು ಹೊರಟರೆ, ಪ್ರತಿ ಗುಟುಕಿಗೂ ಬೇರೆ ಉತ್ತರ ಬರುತ್ತದೆ. ಅದಕ್ಕೆ ನನ್ನ ಪದ್ಧತಿ ಹೀಗೆ: ದೋಷ ಹುಡುಕುವಾಗ ಅಂಚು ಬರಿದಾಗಿರಬೇಕು. ಉಪ್ಪು ಬೇಕೇ ಬೇಕು, ಆದರೆ ಅದು ಹನಿಯ ಲೆಕ್ಕದಲ್ಲಿ, ಪರೀಕ್ಷೆಯ ಸಾಧನವಾಗಿ ಬರಲಿ. ಅಂಚಿನ ಕೆಲಸ ಕೊನೆಗೆ.

ಯಾವುದು ಎಷ್ಟು ಅನ್ನುವ ಲೆಕ್ಕ

ಅಂತರರಾಷ್ಟ್ರೀಯ ಬಾರ್‌ಟೆಂಡರ್‌ಗಳ ಸಂಘದ ಅಳತೆ 50 ಮಿಲಿ ಟೆಕೀಲಾ, ಟ್ರಿಪಲ್ ಸೆಕ್ ಅನ್ನುವ ಕಿತ್ತಳೆ ಪರಿಮಳದ ಸಿಹಿ ಮದ್ಯ 20 ಮಿಲಿ, 15 ಮಿಲಿ ನಿಂಬೆ ರಸ. ಇದು ಖಡಕ್ಕಾದ ಮಾರ್ಗರೀಟಾ. ಮನೆಗಳಲ್ಲಿ ಜಾಸ್ತಿ ನಡೆಯೋದು ಎರಡು, ಒಂದು, ಒಂದರ ಅಳತೆ. ಅಂದರೆ 50 ಟೆಕೀಲಾ, 25 ಟ್ರಿಪಲ್ ಸೆಕ್, 25 ನಿಂಬೆ ರಸ. ನೆನಪಿಡೋಕೆ ಸುಲಭ. ಆದರೆ ಕ್ವಾಂಟ್ರೋದಂಥ 40 ಪರ್ಸೆಂಟಿನ ಟ್ರಿಪಲ್ ಸೆಕ್ ಹಾಕಿ ಈ ಅಳತೆಯಲ್ಲಿ ಮಾಡಿದರೆ ಬಹಳ ಜನರಿಗೆ ಹುಳಿ ಅನ್ನಿಸುತ್ತದೆ. ಅದಕ್ಕೆ ಕಾರಣವೂ ಇದೆ.

ನಿಂಬೆ ರಸದಲ್ಲಿ ಸುಮಾರು 6 ಪರ್ಸೆಂಟ್ ಆಮ್ಲ ಇರುತ್ತದೆ. 25 ಮಿಲಿ ರಸದಿಂದ ಒಂದೂವರೆ ಗ್ರಾಂ ಆಮ್ಲ ಬಂತು. ಅಂಥ ಟ್ರಿಪಲ್ ಸೆಕ್‌ನಲ್ಲಿ ಮಿಲಿಗೆ ಸುಮಾರು ಕಾಲು ಗ್ರಾಂ ಸಕ್ಕರೆ. 25 ಮಿಲಿಯಿಂದ ಆರು ಗ್ರಾಂ ಚಿಲ್ಲರೆ ಸಕ್ಕರೆ ಬಂತು. ಅಂದರೆ ಆಮ್ಲದ ನಾಲ್ಕು ಪಟ್ಟು ಸಕ್ಕರೆ. ಹೆಚ್ಚಿನವರ ನಾಲಿಗೆಗೆ ಹಿತ ಅನ್ನಿಸೋದು ಆರು ಪಟ್ಟಿನ ಹತ್ತಿರ ಬಂದಾಗ. ಒಂದು ಟೀ ಚಮಚ, ಅಂದರೆ 5 ಮಿಲಿ ಸಕ್ಕರೆ ಪಾಕ ಹಾಕಿದರೆ ಸರಿಯಾಗಿ ಅಲ್ಲಿಗೆ ತಲುಪುತ್ತದೆ. ಸಕ್ಕರೆ ಮತ್ತು ನೀರನ್ನು ಸಮ ತೂಕದಲ್ಲಿ ಕರಗಿಸಿದ ಪಾಕದ ಲೆಕ್ಕ ಇದು.

ಟ್ರಿಪಲ್ ಸೆಕ್ ಎರಡು ಖಾತೆಗಳಲ್ಲಿ ಬರುತ್ತದೆ ಅನ್ನೋದನ್ನು ಇಲ್ಲಿ ಗಮನಿಸಬೇಕು. ಅದು ಮದ್ಯವೂ ಹೌದು, ಸಿಹಿಯೂ ಹೌದು. ಬಾಟಲಿ ಬದಲಾಯಿಸಿದರೆ ಎರಡೂ ಬದಲಾಗುತ್ತವೆ. ಅಗ್ಗದ ಬಾಟಲಿಗಳಲ್ಲಿ ಮದ್ಯ 15ರಿಂದ 25 ಪರ್ಸೆಂಟ್ ಇರೋದು ಸಾಮಾನ್ಯ. ಜೊತೆಗೆ ಅವು ಸಾಮಾನ್ಯವಾಗಿ ಸಿಹಿ ಜಾಸ್ತಿ, ಕಿತ್ತಳೆ ಸಿಪ್ಪೆಯ ಪರಿಮಳ ಕಡಿಮೆ. ಅದೇ 25 ಮಿಲಿ ಹಾಕಿದರೂ ಮದ್ಯ ಇಳಿಯುತ್ತದೆ, ಸಿಹಿ ಏರುತ್ತದೆ. ಒಬ್ಬರ ಮನೆಯಲ್ಲಿ ಅದ್ಭುತ ಅನ್ನಿಸಿದ ಅಳತೆ ಇನ್ನೊಬ್ಬರ ಮನೆಯಲ್ಲಿ ಕೈಕೊಡೋದಕ್ಕೆ ಬಹಳ ಸಲ ಇಷ್ಟೇ ಕಾರಣ.

ಇನ್ನೊಂದು ಪದಾರ್ಥ ಅಳತೆಯ ಪಟ್ಟಿಯಲ್ಲೇ ಇರೋದಿಲ್ಲ. ಅದು ನೀರು. ಐಸ್ ಜೊತೆ ಹತ್ತು-ಹದಿನೈದು ಸೆಕೆಂಡ್ ಜೋರಾಗಿ ಶೇಕ್ ಮಾಡಿದರೆ 100 ಮಿಲಿ ಪಾನೀಯಕ್ಕೆ 45ರಿಂದ 55 ಮಿಲಿ ನೀರು ಸೇರುತ್ತದೆ. ಕುಡಿಯುವ ಗ್ಲಾಸಿನ ಮೂರನೇ ಒಂದು ಭಾಗ ನೀರು ಅಂದಹಾಗಾಯಿತು. ಇದನ್ನು ಅಳೆಯದೆ ಉಳಿದದ್ದನ್ನು ಪೆಗ್ ಮೆಷರ್‌ನಲ್ಲಿ ಎಷ್ಟು ನಾಜೂಕಾಗಿ ಅಳೆದರೂ ಪ್ರಯೋಜನ ಇಲ್ಲ. ಅಳೆಯೋದೂ ಕಷ್ಟವಲ್ಲ. ಶೇಕ್ ಮಾಡಿದ್ದನ್ನು ನೇರ ಗ್ಲಾಸಿಗೆ ಸೋಸುವ ಬದಲು ಒಂದು ಸಲ ಅಳತೆ ಜಾರಿಗೆ ಸೋಸಿ. 100 ಹಾಕಿದ್ದರೆ 145ರಿಂದ 155ರ ನಡುವೆ ಬರಬೇಕು. 130 ಬಂದರೆ ಶೇಕ್ ಸಾಲದು. 170 ಬಂದರೆ ಐಸ್ ನೀರು ಬಿಟ್ಟುಕೊಂಡಿತ್ತು ಅಂತ ಅರ್ಥ.

ಐದು ಬಟ್ಟಲಿನ ಪರೀಕ್ಷೆ

ರುಚಿ ಕೆಟ್ಟಿರುವ ಮಾರ್ಗರೀಟಾವನ್ನು ಅಂಚಿಗೆ ಉಪ್ಪಿಲ್ಲದ ಪಾತ್ರೆಗೆ ಸೋಸಿ. ಸುಮಾರು 150 ಮಿಲಿ ಇರುತ್ತದೆ. ಅದನ್ನು 30 ಮಿಲಿಯ ಹಾಗೆ ಐದು ಚಿಕ್ಕ ಬಟ್ಟಲಿಗೆ ಹಂಚಿ. ಕಾಫಿ ಕುಡಿಯುವ ಸಣ್ಣ ಲೋಟ ಆದರೂ ನಡೆಯುತ್ತದೆ. ಲೋಟಗಳನ್ನು ಮೊದಲೇ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿಕೊಳ್ಳಿ. ತಣ್ಣಗಿರುವಾಗ ಸಿಹಿ ಮಂದ ಅನ್ನಿಸುತ್ತದೆ, ಬೆಚ್ಚಗಾದಂತೆ ಎದ್ದು ಬರುತ್ತದೆ. ಕುಡಿಯುವ ತಂಪಿನಲ್ಲೇ ರುಚಿ ನೋಡದಿದ್ದರೆ ತೀರ್ಪು ತಪ್ಪುತ್ತದೆ. ಶೇಕ್ ಮಾಡುವ ಮುಂಚೆಯೇ ಚಮಚದಲ್ಲಿ ನೆಕ್ಕಿ ನೋಡಿ ಹದ ನಿರ್ಧರಿಸೋದು ಕೂಡ ಇದೇ ಕಾರಣಕ್ಕೆ ಕೆಲಸಕ್ಕೆ ಬಾರದು.

ಒಂದು ಬಟ್ಟಲನ್ನು ಹಾಗೇ ಬಿಡಿ. ಎರಡನೆಯದಕ್ಕೆ ಕಾಲು ಟೀ ಚಮಚ ಸಕ್ಕರೆ ಪಾಕ. ಮೂರನೆಯದಕ್ಕೆ ಕಾಲು ಟೀ ಚಮಚ ನಿಂಬೆ ರಸ. ನಾಲ್ಕನೆಯದಕ್ಕೆ ಒಂದು ಟೀ ಚಮಚ ತಣ್ಣೀರು. ಐದನೆಯದಕ್ಕೆ ಒಂದೇ ಒಂದು ಹನಿ ಉಪ್ಪುನೀರು. ಈ ಉಪ್ಪುನೀರನ್ನು 20 ಗ್ರಾಂ ಉಪ್ಪಿಗೆ 80 ಗ್ರಾಂ ನೀರು ಸೇರಿಸಿ ಕರಗಿಸಿಟ್ಟುಕೊಳ್ಳಿ. ಹನಿ ಹಾಕೋಕೆ ಮೆಡಿಕಲ್ ಶಾಪಿನ ಡ್ರಾಪರ್ ಸಾಕು.

ಈಗ ಮೊದಲನೆಯ ಬಟ್ಟಲಿನಿಂದ ಒಂದು ಗುಟುಕು, ಆಮೇಲೆ ಬೇರೊಂದರಿಂದ ಒಂದು ಗುಟುಕು. ಪ್ರತಿ ಸಲ ಮೊದಲನೆಯದಕ್ಕೆ ವಾಪಸ್ ಬನ್ನಿ. ನಡುವೆ ನೀರು ಕುಡಿಯಿರಿ. ಯಾವ ಬಟ್ಟಲು ಚೆನ್ನಾಗಿದೆ ಅನ್ನಿಸುತ್ತದೋ ದೋಷ ಅಲ್ಲಿದೆ.

ಪಾಕದ ಬಟ್ಟಲು ಚೆನ್ನಾಗಿದ್ದರೆ ನಿಜವಾಗಿಯೂ ಹುಳಿ ಜಾಸ್ತಿ ಅಥವಾ ಸಿಹಿ ಕಡಿಮೆ. ಐದು ಬಟ್ಟಲಿನ ಲೆಕ್ಕಕ್ಕೆ ಗುಣಿಸಿ, ಮುಂದಿನ ಗ್ಲಾಸಿಗೆ ಒಂದೂಕಾಲು ಟೀ ಚಮಚದಷ್ಟು ಪಾಕ ಸೇರಿಸಿ. ನಿಂಬೆಯ ಬಟ್ಟಲು ಚೆನ್ನಾಗಿದ್ದರೆ ಸಿಹಿ ಮೇಲಾಗಿದೆ. ಆಗ ನಿಂಬೆ ಹೆಚ್ಚಿಸುವ ಬದಲು ಟ್ರಿಪಲ್ ಸೆಕ್ ಅಥವಾ ಪಾಕವನ್ನು 5 ಮಿಲಿ ಕಡಿಮೆ ಮಾಡೋದು ನನಗೆ ಇಷ್ಟ, ಟೆಕೀಲಾದ ರುಚಿ ಉಳಿಯುತ್ತದೆ. ನೀರಿನ ಬಟ್ಟಲು ಚೆನ್ನಾಗಿದ್ದರೆ ಶೇಕ್ ಸಾಲದು. ಅಳತೆಯಲ್ಲಿ ಏನೂ ಬದಲಾಯಿಸಬೇಡಿ, ಇನ್ನೈದು ಸೆಕೆಂಡ್ ಜಾಸ್ತಿ ಶೇಕ್ ಮಾಡಿ. ನಾಲ್ಕೂ ಬಟ್ಟಲು ಮೊದಲನೆಯದಕ್ಕಿಂತ ಕೆಟ್ಟದಾಗಿದ್ದರೆ ಹದ ಸರಿಯಾಗಿಯೇ ಇದೆ. ತೊಂದರೆ ಬಾಟಲಿಯಲ್ಲಿದೆ.

ಐದನೆಯ ಬಟ್ಟಲು ಗೆದ್ದರೆ ಇಷ್ಟು ಬೇಗ ಮುಗಿಯುವುದಿಲ್ಲ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಉಪ್ಪಿನ ಹನಿ ಏನು ಹೇಳುತ್ತದೆ

ಆ ಒಂದು ಹನಿಯಿಂದ 30 ಮಿಲಿಗೆ ಸೇರುವ ಉಪ್ಪು ಒಂದು ಗ್ರಾಂನ ನೂರನೇ ಒಂದು ಭಾಗದಷ್ಟು. ಉಪ್ಪು ಅಂತ ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಆದರೂ ಬಟ್ಟಲಿನ ರುಚಿ ಬದಲಾಗಿದ್ದರೆ, ಬದಲಾದದ್ದು ಬಹುಮಟ್ಟಿಗೆ ಕಹಿ. ಸೋಡಿಯಂ ಕಹಿಯನ್ನು ತಗ್ಗಿಸುತ್ತದೆ. ಕಹಿ ಮತ್ತು ಸಿಹಿ ಒಂದೇ ಬಾಯಲ್ಲಿದ್ದಾಗ ಒಂದನ್ನೊಂದು ಅದುಮುತ್ತವೆ. ಕಹಿ ತಗ್ಗಿತು ಅಂದರೆ ಅದರ ಕೆಳಗೆ ಸಿಕ್ಕಿಕೊಂಡಿದ್ದ ಸಿಹಿ ಮೇಲೆ ಬರುತ್ತದೆ. ಫಿಲಡೆಲ್ಫಿಯಾದ ಮೊನೆಲ್ ಸಂಶೋಧನಾ ಕೇಂದ್ರದ ಬ್ರೆಸ್ಲಿನ್ ಮತ್ತು ಬೋಷಾಂಪ್ 1997ರಲ್ಲಿ ಇದನ್ನೇ ತೋರಿಸಿದರು. ಕಹಿಗೆ ಯೂರಿಯಾ, ಸಿಹಿಗೆ ಸಕ್ಕರೆ, ಸೋಡಿಯಂಗೆ ಸೋಡಿಯಂ ಅಸಿಟೇಟ್ ತೆಗೆದುಕೊಂಡು ಮಿಶ್ರಣ ಮಾಡಿ ರುಚಿ ನೋಡಿಸಿದಾಗ, ಸೋಡಿಯಂ ಸೇರಿದ ಮಿಶ್ರಣದಲ್ಲಿ ಕಹಿ ಇಳಿದು ಸಿಹಿ ಏರಿತು. ಸಕ್ಕರೆ ಒಂದು ಕಾಳೂ ಜಾಸ್ತಿ ಆಗಿರಲಿಲ್ಲ.

ಸ್ವೀಟ್ ಮಾತ್ರ ಹಾಕಿದ ಲೈಮ್ ಸೋಡಾಕ್ಕೂ, ಸ್ವೀಟ್-ಸಾಲ್ಟ್ ಎರಡೂ ಹಾಕಿದ ಲೈಮ್ ಸೋಡಾಕ್ಕೂ ಇರುವ ವ್ಯತ್ಯಾಸ ನಮ್ಮ ಕಡೆ ಎಲ್ಲರಿಗೂ ಗೊತ್ತು. ಎರಡನೆಯದು ದುಂಡಗೆ, ತುಂಬಿಕೊಂಡ ಹಾಗೆ ಇರುತ್ತದೆ. ಮಾರ್ಗರೀಟಾದಲ್ಲಿ ನಡೆಯೋದೂ ಅದೇ.

ಹುಳಿಯ ಮೇಲೆ ಉಪ್ಪಿನ ಹಿಡಿತ ಇಷ್ಟು ಬಿಗಿಯಾಗಿಲ್ಲ. ಇಷ್ಟು ಕಡಿಮೆ ಉಪ್ಪಿನಿಂದ ಬರಿ ಹುಳಿ ಇಳಿದುಬಿಡುವುದಿಲ್ಲ. ಆದ್ದರಿಂದಲೇ ಈ ಹನಿ ಪರೀಕ್ಷೆಗೆ ಒದಗುತ್ತದೆ. ಉಪ್ಪು ಹಾಕಿದ ಮೇಲೂ ಹಲ್ಲು ಜುಮ್ಮೆನ್ನುವ ಹುಳಿ ಹಾಗೇ ಇದ್ದರೆ ಅದು ಆಮ್ಲ, ಸಕ್ಕರೆಯಿಂದ ಸರಿಹೋಗುತ್ತದೆ. ಉಪ್ಪು ಹಾಕಿದ ತಕ್ಷಣ ಆ ಚುಚ್ಚು ಮಾಯವಾದರೆ ನೀವು ಹುಳಿ ಅಂದುಕೊಂಡದ್ದು ಕಹಿ.

ಉಪ್ಪಿಲ್ಲದೆಯೂ ಎರಡನ್ನು ಬೇರ್ಪಡಿಸಬಹುದು, ಸ್ವಲ್ಪ ಗಮನ ಬೇಕು. ಹುಳಿ ಬಾಯಿಗೆ ಬಿದ್ದ ತಕ್ಷಣ ಗೊತ್ತಾಗುತ್ತದೆ, ಬಾಯಲ್ಲಿ ನೀರೂರುತ್ತದೆ, ನುಂಗಿದ ಮೇಲೆ ಬೇಗ ಹೋಗುತ್ತದೆ. ಕಹಿ ತಡವಾಗಿ ಬರುತ್ತದೆ, ನುಂಗಿದ ಮೇಲೂ ನಾಲಿಗೆಯ ಹಿಂದೆ ಕೂತಿರುತ್ತದೆ. ಮದ್ಯದ ಘಾಟು ಬಿಸಿಯಾಗಿರುತ್ತದೆ, ಗಂಟಲಿಗೂ ಮೂಗಿಗೂ ಏರುತ್ತದೆ. ನುಂಗಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಹತ್ತರ ಹೊತ್ತಿಗೆ ಬಾಯಲ್ಲಿ ಏನು ಉಳಿದಿದೆ ಅನ್ನೋದನ್ನು ನೋಡಿ.

ಮಾರ್ಗರೀಟಾಕ್ಕೆ ಕಹಿ ಬರೋದು ಹೆಚ್ಚಾಗಿ ನಿಂಬೆಯಿಂದ. ನಮ್ಮ ನಿಂಬೆಹಣ್ಣು, ವಿಜಯಪುರ ಜಿಲ್ಲೆಯ ಇಂಡಿ ಲಿಂಬೆಯೂ ಸೇರಿ, ಮೆಕ್ಸಿಕೋದ ಸಣ್ಣ ನಿಂಬೆಯ ಜಾತಿಯದೇ. ಹಾಗಾಗಿ ಮಾರ್ಗರೀಟಾಕ್ಕೆ ಇದು ಹೇಳಿ ಮಾಡಿಸಿದ ಹಣ್ಣು. ಅಮೆರಿಕದ ಅಂಗಡಿಗಳಲ್ಲಿ ಸಿಗುವ ದೊಡ್ಡ, ಬೀಜವಿಲ್ಲದ ಹಸಿರು ನಿಂಬೆ ಬೇರೆ ಜಾತಿ. ಅಲ್ಲಿನ ಅಳತೆಗಳು ಬಹುಪಾಲು ಆ ಹಣ್ಣನ್ನು ಇಟ್ಟುಕೊಂಡು ಬರೆದವು. ನಮ್ಮದರಲ್ಲಿ ಪರಿಮಳ ಜಾಸ್ತಿ, ಹುಳಿಯೂ ಒಂದು ಕೈ ಮೇಲೆ, ಬೀಜವೂ ಇರುತ್ತದೆ. ಆ ಬೀಜದಲ್ಲಿ ಲಿಮೋನಿನ್ ಅನ್ನುವ ಕಹಿ ಪದಾರ್ಥ ಇದೆ. ಒತ್ತುವ ಸ್ಕ್ವೀಜರ್‌ನಲ್ಲಿ ಕೊನೆಯ ಹನಿಯವರೆಗೂ ಜಗ್ಗಿ ಹಿಂಡಿದರೆ ಬೀಜ ಒಡೆಯುತ್ತದೆ, ಸಿಪ್ಪೆಯ ಎಣ್ಣೆಯೂ ರಸಕ್ಕೆ ಇಳಿಯುತ್ತದೆ. ಹಿಂಡಿಟ್ಟ ರಸದಲ್ಲಿ ಸಮಯ ಕಳೆದಂತೆ ಲಿಮೋನಿನ್‌ನ ಕಹಿ ಇನ್ನೂ ಎದ್ದು ಬರುತ್ತದೆ, ತಾಜಾ ಪರಿಮಳ ಹೋಗುತ್ತದೆ. ಅದೇ ದಿನ ಸಂಜೆ ಹಿಂಡಿ ಅದೇ ಸಂಜೆ ಮುಗಿಸಿದರೆ ತೊಂದರೆ ಇಲ್ಲ. ಹಿಂದಿನ ದಿನದ ರಸ ಬೇಡ.

ನಿಂಬೆ ತಾಜಾ ಆಗಿದ್ದೂ ಕಹಿ ಇದ್ದರೆ ಟ್ರಿಪಲ್ ಸೆಕ್ ಮೇಲೆ ಅನುಮಾನ. ಅದನ್ನು ಪತ್ತೆ ಮಾಡೋಕೆ ಒಂದು ಸೊಗಸಾದ ದಾರಿ ಇದೆ: ಅದನ್ನು ಪೂರ್ತಿ ಬಿಟ್ಟು ಮಾಡಿ ನೋಡೋದು. ಸ್ಯಾನ್ ಫ್ರಾನ್ಸಿಸ್ಕೋದ ಟಾಮೀಸ್ ಅನ್ನುವ ಮೆಕ್ಸಿಕನ್ ರೆಸ್ಟೋರೆಂಟಿನ ಹೂಲಿಯೋ ಬೆರ್ಮೆಹೋ ಹೀಗೇ ಮಾಡಿದರು. ಟ್ರಿಪಲ್ ಸೆಕ್ ತೆಗೆದು, ಟೆಕೀಲಾ, ನಿಂಬೆ, ಟೆಕೀಲಾ ಬರುವ ಕತ್ತಾಳೆ ಜಾತಿಯ ಗಿಡವಾದ ಅಗಾವೆಯ ಸಿರಪ್ ಮೂರೇ ಇಟ್ಟರು. ಅದು ಈಗ ಟಾಮೀಸ್ ಮಾರ್ಗರೀಟಾ ಅಂತಲೇ ಜಗತ್ತಿನ ಬಾರ್‌ಗಳಲ್ಲಿ ನಡೆಯುತ್ತದೆ. ಅಗಾವೆ ಸಿರಪ್ ಇಲ್ಲದಿದ್ದರೆ ಪರೀಕ್ಷೆಗೆ ಸಕ್ಕರೆ ಪಾಕ ಸಾಕು: 60 ಟೆಕೀಲಾ, 25 ನಿಂಬೆ, 15 ಪಾಕ. ಇದರಲ್ಲಿ ಕಹಿ ಇಲ್ಲ, ಮಾಮೂಲಿ ಮಾರ್ಗರೀಟಾದಲ್ಲಿ ಇದೆ ಅಂದರೆ ಟ್ರಿಪಲ್ ಸೆಕ್ ಬಾಟಲಿಯನ್ನು ಬದಲಾಯಿಸಿ. ಎರಡರಲ್ಲೂ ಇದ್ದರೆ ಟೆಕೀಲಾದ ಕಡೆ ನೋಡಬೇಕು.

ಮೈಸೂರಿನ ಒಂದು ಗ್ಲಾಸು

ನಮ್ಮ ಭಾವ ಮೈಸೂರಿನಲ್ಲಿದ್ದಾರೆ. ಮನೆಗೆ ಬಂದವರಿಗೆ ಮಾರ್ಗರೀಟಾ ಮಾಡಿಕೊಡೋದು ಅವರಿಗೆ ಖುಷಿ. ಒಂದು ಸಂಜೆ ಬಂದವರೆಲ್ಲ ಅರ್ಧ ಗ್ಲಾಸಿಗೇ ಬಿಟ್ಟರು. ಮಾರನೇ ವಾರ ನಾನು ಹೋದಾಗ, "ನೋಡಪ್ಪ, ಎಲ್ಲಾರೂ ಹುಳಿ ಅಂದ್ರು. ಪಾಕ ಹಾಕ್ದೆ, ಇನ್ನೂ ಹಾಕ್ದೆ, ಹುಳಿ ಹೋಗ್ಲೇ ಇಲ್ಲ" ಅಂದರು.

ಅವರ ಅಳತೆ 60 ಟೆಕೀಲಾ, 30 ಟ್ರಿಪಲ್ ಸೆಕ್, 30 ನಿಂಬೆ ರಸ. ಜೊತೆಗೆ ಹುಳಿ ಓಡಿಸೋಕೆ ಅಂತ 15 ಮಿಲಿ ಪಾಕ. ಟ್ರಿಪಲ್ ಸೆಕ್ 20 ಪರ್ಸೆಂಟಿನದು. ರಸವನ್ನು ಅಕ್ಕ ಹಿಂದಿನ ದಿನವೇ ಹಿಂಡಿ ಫ್ರಿಜ್‌ನಲ್ಲಿಟ್ಟಿದ್ದಳು. ಗ್ಲಾಸಿನ ಅಂಚಿಗೆ ಪ್ಯಾಕೆಟ್ ಪುಡಿ ಉಪ್ಪು, ಸುತ್ತಲೂ ದಟ್ಟವಾಗಿ. ಅದೇ ಸಾಮಾನು, ಅದೇ ರೀತಿ ಇನ್ನೊಮ್ಮೆ ಮಾಡಿ ಅಂದೆ. ಅಂಚು ಮಾತ್ರ ಬರಿದು ಬಿಡಿ ಅಂದೆ.

ಮೊದಲು ನೀರು. ಶೇಕರ್‌ಗೆ ಹೋದದ್ದು 135 ಮಿಲಿ. ಸೋಸಿದಾಗ ಜಾರಿನಲ್ಲಿ 220 ದಾಟಿತ್ತು. ಐಸನ್ನು ಮುಂಚೆಯೇ ಬಕೆಟ್ಟಿಗೆ ಸುರಿದಿಟ್ಟಿದ್ದರು, ತಳದಲ್ಲಿ ನೀರು ನಿಂತಿತ್ತು, ಆ ನೀರಿನ ಸಮೇತ ಶೇಕರ್‌ಗೆ ಹೋಗಿತ್ತು. ಐಸನ್ನು ಫ್ರೀಜರ್‌ನಿಂದ ನೇರ ತೆಗೆದು ಮತ್ತೆ ಮಾಡಿದೆವು. 200ರ ಒಳಗೆ ಬಂತು. ಸಪ್ಪೆತನ ಹೋಯಿತು, ಆದರೆ ಚುಚ್ಚು ಹಾಗೇ ಇತ್ತು. ಇನ್ನೂ ಸ್ಪಷ್ಟವಾಗಿಯೇ ಕಾಣಿಸಿತು. ನೀರು ಅದನ್ನು ಅಷ್ಟಿಷ್ಟು ಮರೆಮಾಡಿತ್ತು ಅಷ್ಟೇ.

ಆಮೇಲೆ ಬಟ್ಟಲುಗಳು. ಪಾಕದ ಬಟ್ಟಲು ಅಂಟಂಟಾಗಿತ್ತು, ಚುಚ್ಚು ಅದರಲ್ಲೂ ಇತ್ತು. ನಿಂಬೆಯದು ಕುಡಿಯೋಕೇ ಆಗಲಿಲ್ಲ. ನೀರಿನದು ಮತ್ತೆ ಸಪ್ಪೆ. ಉಪ್ಪಿನ ಹನಿ ಬಿದ್ದ ಬಟ್ಟಲನ್ನು ಭಾವ ಕುಡಿದು, ಇನ್ನೊಮ್ಮೆ ಕುಡಿದು, "ಇದ್ರಲ್ಲಿ ಸಕ್ರೆ ಜಾಸ್ತಿ ಹಾಕಿದೀಯಾ?" ಅಂತ ಕೇಳಿದರು. ಹಾಕಿರಲಿಲ್ಲ. ಕಹಿ ಇಳಿದಿತ್ತು, ಅವರು ಸುರಿದಿದ್ದ ಪಾಕವೆಲ್ಲ ಈಗ ಮೇಲೆ ಬಂದಿತ್ತು.

ಕಹಿ ಎಲ್ಲಿಂದ ಅಂತ ನೋಡೋಕೆ ಒಂದೇ ಒಂದು ಪದಾರ್ಥ ಬದಲಾಯಿಸಿದೆವು. ಹಿಂದಿನ ದಿನದ ರಸದ ಜಾಗಕ್ಕೆ ಆಗಷ್ಟೇ ಹಿಂಡಿದ ರಸ. ಹೋಳನ್ನು ಮೆತ್ತಗೆ ಹಿಂಡಿ, ಕೊನೆಯ ಹನಿ ಬಿಟ್ಟು, ಬೀಜ ಸೋಸಿ. ಟ್ರಿಪಲ್ ಸೆಕ್ ಅದೇ, ಟೆಕೀಲಾ ಅದೇ. ಹತ್ತು ಎಣಿಸುವಷ್ಟರಲ್ಲಿ ಬಾಯಿ ಸ್ವಚ್ಛವಾಗಿತ್ತು. ಹಾಗಾಗಿ ಟ್ರಿಪಲ್ ಸೆಕ್ ಬದಲಾಯಿಸುವ ಖರ್ಚು ಉಳಿಯಿತು. ಈಗ 15 ಮಿಲಿ ಪಾಕ ಅತಿಯಾಗಿತ್ತು. ಆ ಬಾಟಲಿಯೇ ಸಾಕಷ್ಟು ಸಿಹಿ. ಪಾಕವನ್ನು 5ಕ್ಕೆ ಇಳಿಸಿದೆವು, ನಮ್ಮ ನಿಂಬೆಯ ಹುಳಿ ಮೇಲಾದ್ದರಿಂದ ರಸವನ್ನು 25ಕ್ಕೆ ಇಳಿಸಿದೆವು. 60, 30, 25, ಮೇಲೆ ಒಂದು ಟೀ ಚಮಚ ಪಾಕ. ಭಾವನ ಬಾಟಲಿಗಳಿಗೆ ಅದು ಸರಿಯಾದ ಹದ. ನಿಮ್ಮ ಬಾಟಲಿಗೆ ಬೇರೆ ಬರಬಹುದು, ಹುಡುಕುವ ದಾರಿ ಮಾತ್ರ ಇದೇ.

ಆ ಸಂಜೆಯ ಅತಿಥಿಗಳಿಗೆ ಅಂಚಿನ ಅಷ್ಟೊಂದು ಉಪ್ಪಿದ್ದೂ ಕಹಿ ಯಾಕೆ ಕಂಡಿತು ಅನ್ನೋ ಪ್ರಶ್ನೆ ಬರುತ್ತದೆ ಅಲ್ವಾ? ಅಂಚಿನ ಉಪ್ಪು ಒಂದೊಂದು ಗುಟುಕಿಗೂ ಒಂದೊಂದು ಪ್ರಮಾಣದಲ್ಲಿ ಬರುತ್ತದೆ. ಮೊದಲ ಎರಡು ಗುಟುಕಿನಲ್ಲಿ ಬಾಯ್ತುಂಬ ಉಪ್ಪು. ತುಟಿ ತಾಗಿದ ಜಾಗ ಬೋಳಾದ ಮೇಲೆ ಉಪ್ಪಿನ ಮರೆ ಇಲ್ಲ. ಅರ್ಧ ಗ್ಲಾಸಿಗೆ ಬಿಟ್ಟದ್ದು ಅದಕ್ಕೇ.

ಅಂಚಿನ ಉಪ್ಪು ಕೆಟ್ಟಾಗ

ಪಾನೀಯ ಉಪ್ಪಿಲ್ಲದೆ ಚೆನ್ನಾಗಿದೆ ಅನ್ನೋದು ಖಾತ್ರಿಯಾದ ಮೇಲೆ ಅಂಚಿಗೆ ಬನ್ನಿ. ಇಲ್ಲಿ ಕಾಣುವ ದೋಷ ಮುಖ್ಯವಾಗಿ ಎರಡು.

ಒಂದು, ಗ್ಲಾಸು ಖಾಲಿಯಾಗುತ್ತಾ ಹೋದಂತೆ ಪಾನೀಯವೇ ಉಪ್ಪಾಗುತ್ತದೆ. ಗ್ಲಾಸನ್ನು ಬೋರಲು ಹಾಕಿ ಉಪ್ಪಿನ ತಟ್ಟೆಗೆ ಒತ್ತಿದ್ದೀರಿ ಅಂತ ಅರ್ಥ. ಹಾಗೆ ಒತ್ತಿದರೆ ಒಳಗಿನ ಅಂಚಿಗೂ ಉಪ್ಪು ಹತ್ತುತ್ತದೆ, ಪ್ರತಿ ಸಲ ಗ್ಲಾಸು ಓರೆಯಾದಾಗ ಪಾನೀಯ ಅದನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಒಳಗೋಡೆಯ ಮೇಲೆ ಉಪ್ಪಿನ ಹರಳು, ಕರಗಿದ ಗೆರೆ ಕಾಣುತ್ತವೆ. ಇದನ್ನು ತಪ್ಪಿಸಲು ನಿಂಬೆ ಹೋಳನ್ನು ಅಂಚಿನ ಹೊರಮೈಗೆ ಮಾತ್ರ ಸವರಿ. ಬೆರಳಗಲಕ್ಕಿಂತ ಕೆಳಗೆ ಹೋಗಬೇಡಿ. ಗ್ಲಾಸನ್ನು ಅಡ್ಡ ಹಿಡಿದು, ಹೊರಮೈ ಉಪ್ಪಿನ ಮೇಲೆ ಉರುಳುವ ಹಾಗೆ ತಿರುಗಿಸಿ. ಹೆಚ್ಚಾದದ್ದನ್ನು ತಟ್ಟಿ ಉದುರಿಸಿ, ಒಳಗೆ ಬಿದ್ದದ್ದನ್ನು ಬಟ್ಟೆಯಲ್ಲಿ ಒರೆಸಿ. ಐದು ನಿಮಿಷ ಹಾಗೇ ಬಿಟ್ಟರೆ ಒಣಗಿ ಗಟ್ಟಿಯಾಗಿ ಕೂರುತ್ತದೆ.

ಎರಡು, ಮೊದಲ ಗುಟುಕೇ ಉಪ್ಪು ಅಂದರೆ ಉಪ್ಪು. ಇದು ಪುಡಿ ಉಪ್ಪಿನ ಕೆಲಸ. ಸಣ್ಣ ಕಾಳು ಒದ್ದೆ ಗ್ಲಾಸಿಗೆ ದಟ್ಟವಾಗಿ ಮೆತ್ತಿಕೊಳ್ಳುತ್ತದೆ, ತುಟಿ ತಾಗಿದ ಕೂಡಲೇ ಪೂರ್ತಿ ಕರಗುತ್ತದೆ. ಅಮೆರಿಕದವರು ಬಳಸುವ ದಪ್ಪ ಪದರದ ಕೋಷರ್ ಉಪ್ಪು ಇಲ್ಲಿ ಎಲ್ಲೆಡೆ ಸಿಗುವುದಿಲ್ಲ, ಅದು ಬೇಕೂ ಇಲ್ಲ. ಕಲ್ಲುಪ್ಪನ್ನು ಕುಟ್ಟಾಣಿಯಲ್ಲಿ ಒರಟಾಗಿ ಕುಟ್ಟಿ, ಜರಡಿ ಹಿಡಿದು ನುಣ್ಣನೆಯ ಪುಡಿಯನ್ನು ಅಡುಗೆಗೆ ತೆಗೆದಿಟ್ಟು, ಮೇಲೆ ಉಳಿದ ರವೆಯಷ್ಟು ದಪ್ಪದ್ದನ್ನು ಬಳಸಿ. ಕಾಳಿನ ನಡುವೆ ಜಾಗ ಇರುತ್ತದೆ, ನಿಧಾನ ಕರಗುತ್ತದೆ. ಕಪ್ಪು ಉಪ್ಪು ಬೇಡ ಅಂತ ನನ್ನ ಅಭಿಪ್ರಾಯ. ಅದರ ಗಂಧಕದ ವಾಸನೆ ಟೆಕೀಲಾದ ಪರಿಮಳವನ್ನೆಲ್ಲ ನುಂಗಿಬಿಡುತ್ತದೆ. ಮಸಾಲೆ ಸೋಡಾಕ್ಕೆ ಅದು ಚೆನ್ನ.

ಉಪ್ಪು ಅಂಚಿನ ಅರ್ಧಕ್ಕೆ ಮಾತ್ರ ಇರಲಿ. ಕುಡಿಯುವವರು ಉಪ್ಪಿರುವ ಕಡೆಯಿಂದಲೋ, ಇಲ್ಲದ ಕಡೆಯಿಂದಲೋ, ಎರಡೂ ಸೇರುವ ಜಾಗದಿಂದಲೋ ಗುಟುಕು ತೆಗೆದುಕೊಳ್ಳಬಹುದು. ಉಪ್ಪು ಕಡಿಮೆ ತಿನ್ನಬೇಕಾದವರಿಗೂ ಅನುಕೂಲ. ನಿಮಗೂ ಒಂದು ಲಾಭ ಇದೆ: ಉಪ್ಪಿನ ಕಡೆ ಚೆನ್ನಾಗಿದೆ, ಬರಿ ಕಡೆ ಚೆನ್ನಾಗಿಲ್ಲ ಅಂತ ಯಾರಾದರೂ ಹೇಳಿದರೆ ಕಹಿ ಎಲ್ಲೋ ಉಳಿದಿದೆ ಅಂತ ಗೊತ್ತಾಗುತ್ತದೆ. ಉಪ್ಪಿನ ಕಡೆ ಸಿಹಿ ಜಾಸ್ತಿ, ಬರಿ ಕಡೆ ಸರಿಯಾಗಿದೆ ಅಂದರೆ ಪಾಕವನ್ನು ಅರ್ಧ ಟೀ ಚಮಚ ಇಳಿಸಿ. ಅಂಚಿನ ತುಂಬ ಉಪ್ಪು ಬೇಕು ಅನ್ನುವವರಿಗೆ ಮಾಡುವಾಗಲೂ ಇಷ್ಟು ಇಳಿಸೋದು ಒಳ್ಳೆಯದು, ಉಪ್ಪು ಎತ್ತಿ ಕೊಡುವ ಸಿಹಿ ಆ ಜಾಗ ತುಂಬುತ್ತದೆ.

ಅಂಚಿಗೆ ಉಪ್ಪೇ ಬೇಡ ಅನ್ನುವವರ ಗ್ಲಾಸಿಗೆ ಅದೇ ಉಪ್ಪುನೀರಿನ ನಾಲ್ಕೈದು ಹನಿಯನ್ನು ಶೇಕರ್‌ಗೇ ಹಾಕಿ. ಮೊದಲ ಗುಟುಕಿನಿಂದ ಕೊನೆಯವರೆಗೂ ಒಂದೇ ಸಮ ಇರುತ್ತದೆ. ಆದರೆ ಅಂಚಿನ ಉಪ್ಪು ಕೊಡುವ ಏರಿಳಿತ ಇದರಲ್ಲಿ ಇಲ್ಲ. ನನಗೆ ಅಂಚೇ ಇಷ್ಟ, ತುಟಿಗೆ ಮೊದಲು ಉಪ್ಪು ತಾಗಿ ಹಿಂದೆಯೇ ತಣ್ಣನೆ ಹುಳಿ ಬರುವ ಆ ಕ್ರಮಕ್ಕಾಗಿ. ಎರಡನ್ನೂ ಒಂದೇ ಗ್ಲಾಸಿಗೆ ಮಾಡಬೇಡಿ.

ಉಪ್ಪಿನಿಂದ ಆಗದ್ದು

ನೀರಾದ ಮಾರ್ಗರೀಟಾವನ್ನು ಉಪ್ಪು ಉಳಿಸುವುದಿಲ್ಲ. ಉಪ್ಪು ಹಾಕಿದ ನೀರಾದ ಮಾರ್ಗರೀಟಾ ಆಗುತ್ತದೆ. ಐಸ್ ಹಾಕಿದ ಗ್ಲಾಸಿನಲ್ಲಿ ಕೊಡುವವರು ಶೇಕನ್ನು ಎರಡು-ಮೂರು ಸೆಕೆಂಡ್ ಮೊದಲೇ ನಿಲ್ಲಿಸಿ, ಉಳಿದ ನೀರು ಗ್ಲಾಸಿನಲ್ಲೇ ಸೇರಿಕೊಳ್ಳುತ್ತದೆ. ಸಣ್ಣ ಐಸಿಗಿಂತ ದೊಡ್ಡ ತುಂಡುಗಳು ಒಳ್ಳೆಯದು.

ಟೆಕೀಲಾದ ದೋಷವನ್ನೂ ಉಪ್ಪು ಅಷ್ಟಾಗಿ ಮುಚ್ಚುವುದಿಲ್ಲ. ಲೇಬಲ್ ಮೇಲೆ 100 ಪರ್ಸೆಂಟ್ ಅಗಾವೆ ಅಂತ ಬರೆದಿಲ್ಲದಿದ್ದರೆ ಅದರ ಸಕ್ಕರೆಯಲ್ಲಿ ಅರ್ಧದ ಹತ್ತಿರದವರೆಗೂ ಅಗಾವೆಯದಲ್ಲದ್ದು ಇರಬಹುದು. ಮೆಕ್ಸಿಕೋದ ನಿಯಮದಲ್ಲಿ 51 ಪರ್ಸೆಂಟ್ ಅಗಾವೆಯಿಂದ ಬಂದರೆ ಟೆಕೀಲಾ ಅನ್ನಲು ಸಾಕು. ಗೋಲ್ಡ್ ಅಂತ ಬರೆದ ಅಂಥ ಬಾಟಲಿಗಳಲ್ಲಿ ಬಣ್ಣ ಹೆಚ್ಚಾಗಿ ಸುಟ್ಟ ಸಕ್ಕರೆಯದು. ಎಲ್ಲ ಬಟ್ಟಲುಗಳಲ್ಲೂ ಒಂದೇ ಥರದ ಸ್ಪಿರಿಟ್ ವಾಸನೆ ಮೂಗಿಗೆ ಹೊಡೆಯುತ್ತಿದ್ದರೆ ಹದ ಹುಡುಕೋದನ್ನು ನಿಲ್ಲಿಸಿ, ಆ ಬಾಟಲಿಯನ್ನು ಹಣ್ಣಿನ ರಸದ ಜೊತೆಗೆ ಖರ್ಚು ಮಾಡಿ. ಈಗ ಗೋವಾದಲ್ಲಿ ದಖ್ಖನ್ ಪ್ರಸ್ಥಭೂಮಿಯ ಕತ್ತಾಳೆಯಿಂದಲೂ ಅಗಾವೆ ಮದ್ಯ ತಯಾರಾಗುತ್ತಿದೆ. ಟೆಕೀಲಾ ಅನ್ನುವ ಹೆಸರು ಮೆಕ್ಸಿಕೋದ ಹಾಲಿಸ್ಕೋ ರಾಜ್ಯ ಮತ್ತು ಇನ್ನೂ ನಾಲ್ಕು ರಾಜ್ಯಗಳ ಗೊತ್ತಾದ ಪ್ರದೇಶಗಳಿಗೆ ಮಾತ್ರ ಮೀಸಲಾದ್ದರಿಂದ ಇದನ್ನು ಹಾಗೆ ಕರೆಯುವಂತಿಲ್ಲ. ಮಾರ್ಗರೀಟಾಕ್ಕೆ ಬಳಸಬಹುದು. ಆದರೆ ಬಾಟಲಿ ಬದಲಾದ ಮೇಲೆ ಹಳೆಯ ಅಳತೆಯನ್ನು ನಂಬದೆ, ಮೊದಲ ಗ್ಲಾಸನ್ನು ಮತ್ತೆ ಐದು ಬಟ್ಟಲಿಗೆ ಹಂಚಿ ನೋಡಿ.